181 ಜನಕ್ಕೆ 46 ಮೇಲಿನವರು: ನಿಜವಾಗಿಯೂ ಜಾಸ್ತಿಯಾಯಿತೇ?

ಪ್ರಶ್ನೆ: ನಾನು ಒಂದು ಆಸ್ಪತ್ರೆಯಲ್ಲಿ ಎಚ್‌ಆರ್ ಮ್ಯಾನೇಜರ್. ಡಾಕ್ಟರು, ನರ್ಸ್‌ಗಳನ್ನು ಬಿಟ್ಟು ಆಡಳಿತದ ಕಡೆ ನಾವು 181 ಜನ. ಅದರಲ್ಲಿ 46 ಜನರ ಹುದ್ದೆಯಲ್ಲಿ ಮ್ಯಾನೇಜರ್, ಆಫೀಸರ್, ಸೂಪರ್‌ವೈಸರ್ ಅಂತ ಇದೆ. "ನಾಲ್ಕು ಜನಕ್ಕೊಬ್ಬ ಬಾಸ್ ಯಾಕೆ? ಒಬ್ಬರ ಕೆಳಗೆ ಎಂಟು ಜನ ಇರಲೇಬೇಕು. ಮಧ್ಯದ ಒಂದು ಹಂತವನ್ನೇ ತೆಗೆಯಿರಿ" ಅಂತ ಆಡಳಿತ ಮಂಡಳಿಯ ಸದಸ್ಯರೊಬ್ಬರು ಪಟ್ಟು ಹಿಡಿದಿದ್ದಾರೆ. ಹೌಸ್‌ಕೀಪಿಂಗ್‌ನವರು ನೋಡಿದರೆ ಸೂಪರ್‌ವೈಸರ್ ಸಾಲುತ್ತಿಲ್ಲ ಅನ್ನುತ್ತಾರೆ. ಯಾರ ಮಾತು ಸರಿ? ಲೆಕ್ಕ ಹಾಕಿ ನೋಡುವುದು ಹೇಗೆ? ಸಿಬ್ಬಂದಿ ಪಟ್ಟಿ ಜೊತೆಗಿಟ್ಟಿದ್ದೇನೆ.

ಉತ್ತರ:

ಇಬ್ಬರ ಮಾತೂ ಸರಿ, ಆದರೆ ಬೇರೆ ಬೇರೆ ವಿಭಾಗಗಳ ಬಗ್ಗೆ. ನಿಮ್ಮ ಪಟ್ಟಿಯನ್ನು ಪೂರ್ತಿ ಬಿಡಿಸಿ ನೋಡಿದೆ. ಕೆಲವು ಕಡೆ ಮೇಲಿನವರು ಬೇಕಾದ್ದಕ್ಕಿಂತ ಜಾಸ್ತಿ ಇದ್ದಾರೆ, ಒಂದು ಕಡೆ ತೀರಾ ಕಡಿಮೆ ಇದ್ದಾರೆ. ಎಲ್ಲ ವಿಭಾಗಗಳಿಂದ ಒಂದೊಂದು ಹಂತ ತೆಗೆದರೆ ಈ ಎರಡನೆಯದು ಇನ್ನೂ ಹದಗೆಡುತ್ತದೆ.

ಮೊದಲು ಆ 46ನ್ನು ನೋಡೋಣ. ಅದು ಹುದ್ದೆಯ ಹೆಸರು ನೋಡಿ ಎಣಿಸಿದ ಲೆಕ್ಕ. ಒಬ್ಬರು ನಿಜವಾಗಿ ಮ್ಯಾನೇಜರ್ ಹೌದೋ ಅಲ್ಲವೋ ಅಂತ ತಿಳಿಯಲು ನಾನು ಕೇಳುವುದು ಮೂರೇ ವಿಷಯ. ಯಾರ ರಜೆಗೆ ಇವರು ಒಪ್ಪಿಗೆ ಕೊಡುತ್ತಾರೆ? ಯಾರಿಗೆ ಕೆಲಸ ಹಂಚುತ್ತಾರೆ? ವರ್ಷದ ಕೊನೆಗೆ ಯಾರ ಕೆಲಸ ಹೇಗಿತ್ತು ಅಂತ ಬರೆಯುತ್ತಾರೆ? ಮೂರಕ್ಕೂ "ಯಾರೂ ಇಲ್ಲ" ಅಂತ ಉತ್ತರ ಬಂದರೆ, ಬಾಗಿಲ ಮೇಲೆ ಏನೇ ಬರೆದಿರಲಿ, ಅವರನ್ನು ಮ್ಯಾನೇಜರ್ ಅಂತ ಎಣಿಸಬಾರದು.

ಈ ಲೆಕ್ಕವನ್ನು ಕೆಳಗಿನಿಂದ ಶುರು ಮಾಡಬೇಕು. "ನಿಮ್ಮ ಕೈಕೆಳಗೆ ಎಷ್ಟು ಜನ?" ಅಂತ ಮ್ಯಾನೇಜರ್‌ಗಳನ್ನು ಕೇಳಿದರೆ ಪ್ರತಿಯೊಬ್ಬರೂ ಇಡೀ ವಿಭಾಗವನ್ನು ಹೇಳುತ್ತಾರೆ, ಒಂದೇ ಗುಮಾಸ್ತ ಮೂರು ಜನರ ಲೆಕ್ಕಕ್ಕೆ ಸೇರುತ್ತಾನೆ. ಅದರ ಬದಲು 181 ಜನರಲ್ಲಿ ಪ್ರತಿಯೊಬ್ಬರ ಎದುರಿಗೂ ಅವರ ನೇರ ಮೇಲಿನವರು ಯಾರು ಅಂತ ಒಂದೇ ಒಂದು ಹೆಸರು ಬರೆಯಿರಿ. ಕೆಲಸ ಒಬ್ಬರು ಹೇಳಿ ರಜೆ ಇನ್ನೊಬ್ಬರು ಕೊಡುವ ಕಡೆ ರಜೆ ಕೊಡುವವರ ಹೆಸರು ಹಾಕಿ, ಪಕ್ಕದಲ್ಲಿ ಒಂದು ಗುರುತು ಮಾಡಿಡಿ. ಎಕ್ಸೆಲ್‌ನಲ್ಲಿ A ಕಾಲಂಗೆ ಸಿಬ್ಬಂದಿ ಸಂಖ್ಯೆ, D ಕಾಲಂಗೆ ನೇರ ಮೇಲಿನವರ ಸಿಬ್ಬಂದಿ ಸಂಖ್ಯೆ ಹಾಕಿ. E ಕಾಲಂನಲ್ಲಿ ಇಷ್ಟು ಬರೆದರೆ ಸಾಕು:

```
=COUNTIF($D$2:$D$182,A2)
```

ಇದನ್ನು ಕೊನೆಯ ಸಾಲಿನವರೆಗೆ ಎಳೆದರೆ ಪ್ರತಿಯೊಬ್ಬರ ನೇರ ಕೈಕೆಳಗೆ ಎಷ್ಟು ಜನ ಇದ್ದಾರೆ ಅಂತ ಬರುತ್ತದೆ. ಸ್ಪ್ಯಾನ್ ಆಫ್ ಕಂಟ್ರೋಲ್ ಅನ್ನುವುದು ಈ ಸಂಖ್ಯೆಯನ್ನೇ. ಸೊನ್ನೆ ಬಂದವರನ್ನು ಮ್ಯಾನೇಜರ್ ಲೆಕ್ಕದಿಂದ ಬಿಡಿ.

ಈ ಪಟ್ಟಿ ಸರಿ ಇದೆಯೇ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ತುದಿಯಲ್ಲಿರುವ ಒಬ್ಬರನ್ನು ಬಿಟ್ಟರೆ ಉಳಿದ ಎಲ್ಲರಿಗೂ ಒಬ್ಬೊಬ್ಬ ಮೇಲಿನವರು ಇರಲೇಬೇಕು, ಅಲ್ವಾ? ಹಾಗಾಗಿ E ಕಾಲಂನ ಮೊತ್ತ ಒಟ್ಟು ಜನರಿಗಿಂತ ಸರಿಯಾಗಿ ಒಂದು ಕಡಿಮೆ ಬರಬೇಕು. ನಿಮ್ಮಲ್ಲಿ 180. ಅದಕ್ಕಿಂತ ಕಡಿಮೆ ಬಂದರೆ ಯಾರದ್ದೋ ಮೇಲಿನವರ ಸಂಖ್ಯೆ ಬಿಟ್ಟುಹೋಗಿದೆ, ಇಲ್ಲವೇ ಕೆಲಸ ಬಿಟ್ಟುಹೋದವರ ಸಂಖ್ಯೆ ಇನ್ನೂ ಅಲ್ಲೇ ಉಳಿದಿದೆ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ಹೀಗೆ ಎಣಿಸಿದಾಗ ನಿಮ್ಮ 46ರಲ್ಲಿ 17 ಜನರ ಕೈಕೆಳಗೆ ಒಬ್ಬರೂ ಇಲ್ಲ. ನಿಜವಾದ ಮ್ಯಾನೇಜರ್‌ಗಳು 29 ಜನ. ಸರಾಸರಿ 3.9 ಅಲ್ಲ, 180ನ್ನು 29ರಿಂದ ಭಾಗಿಸಿದರೆ 6.2.

ಆ 17 ಜನ ಸುಮ್ನೆ ಕೂತಿದ್ದಾರೆ ಅಂತ ಇದರ ಅರ್ಥವಲ್ಲ. ಬಹಳಷ್ಟು ಆಸ್ಪತ್ರೆಗಳಲ್ಲಿ ಸಂಬಳದ ಶ್ರೇಣಿ ಮ್ಯಾನೇಜರ್ ಹುದ್ದೆಗೇ ಕಟ್ಟಿಕೊಂಡಿರುತ್ತದೆ. ಒಳ್ಳೆಯ ಲೆಕ್ಕಿಗರನ್ನೋ ಕ್ಲೇಮ್ ಕೆಲಸ ಚೆನ್ನಾಗಿ ಬಲ್ಲವರನ್ನೋ ಉಳಿಸಿಕೊಳ್ಳಬೇಕಾದರೆ ಆ ಹೆಸರು ಕೊಡುವುದೊಂದೇ ದಾರಿ. ಅವರನ್ನು ತೆಗೆದರೆ ಅವರ ಕೆಲಸವನ್ನು ಇನ್ನೊಬ್ಬರು ಮಾಡಬೇಕಾಗುತ್ತದೆ, ಉಳಿತಾಯ ಏನೂ ಆಗುವುದಿಲ್ಲ. ಇದಕ್ಕೆ ಮದ್ದು ಸಂಬಳದ ಶ್ರೇಣಿಯಲ್ಲಿದೆ: ಜನರನ್ನು ನೋಡಿಕೊಳ್ಳದೆಯೂ ಅನುಭವದ ಮೇಲೆ ಮೇಲೇರುವ ಒಂದು ದಾರಿ ಬೇಕು. ಇನ್ನೊಂದು ಎಚ್ಚರಿಕೆ. ಈ 17ರಲ್ಲಿ ಗುತ್ತಿಗೆ ಸಂಸ್ಥೆಯ ಕೆಲಸಗಾರರನ್ನು ದಿನವೂ ನಡೆಸುವವರು ಇದ್ದಾರೆಯೇ ಅಂತ ನೋಡಿ. ನಿಮ್ಮ ಸಂಬಳದ ಪಟ್ಟಿಯಲ್ಲಿ ಗುತ್ತಿಗೆ ಕಾವಲುಗಾರರ ಹೆಸರು ಇರುವುದಿಲ್ಲ. ಹಾಗಾಗಿ ಅವರನ್ನು ನಡೆಸುವ ಸೆಕ್ಯುರಿಟಿ ಆಫೀಸರ್ ಎದುರು ಸೊನ್ನೆ ಬಂದಿರುತ್ತದೆ. ಅಂಥವರ ಲೆಕ್ಕ ಬೇರೆಯಾಗಿಯೇ ಹಾಕಬೇಕು.

ಹಾಗಾದರೆ 6.2 ಒಳ್ಳೆಯದೋ ಕೆಟ್ಟದ್ದೋ? ಆ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ನಿಮ್ಮ 29 ಜನರಲ್ಲಿ 13 ಜನರ ಕೈಕೆಳಗೆ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾರೆ. ಅವರೆಲ್ಲರ ಕೈಕೆಳಗಿನವರನ್ನು ಸೇರಿಸಿದರೂ 33 ಮಾತ್ರ. ಇತ್ತ ಹೌಸ್‌ಕೀಪಿಂಗ್‌ನ ಮೂವರು ಸೂಪರ್‌ವೈಸರ್‌ಗಳು 71 ಜನರನ್ನು ನೋಡಿಕೊಳ್ಳುತ್ತಿದ್ದಾರೆ. ಆ ಮೂವರನ್ನು ಬದಿಗಿಟ್ಟರೆ ಉಳಿದ 26 ಮ್ಯಾನೇಜರ್‌ಗಳ ಸರಾಸರಿ 4.2ಕ್ಕೆ ಇಳಿಯುತ್ತದೆ. ಹೌಸ್‌ಕೀಪಿಂಗ್‌ನವರು ಹೊತ್ತ ಭಾರವೇ ಉಳಿದವರ ಸರಾಸರಿಯನ್ನು ಚೆನ್ನಾಗಿ ಕಾಣುವಂತೆ ಮಾಡುತ್ತಿದೆ. ಅದಕ್ಕೇ ಮಂಡಳಿಯ ಮುಂದೆ ಸರಾಸರಿ ಇಡಬೇಡಿ, ಒಬ್ಬೊಬ್ಬರ ಹೆಸರಿನ ಮುಂದೆ ಅವರ ಸಂಖ್ಯೆ ಇಡಿ.

ಇನ್ನು ಆ ಎಂಟು. "ಎಂಟು ಜನ ಇರಲೇಬೇಕು" ಅನ್ನುವುದು ನಿಯಮವಲ್ಲ. ಇಂಥ ಸಂಖ್ಯೆಗಳು ಕಾಲಕಾಲಕ್ಕೆ ಬದಲಾಗುತ್ತಾ ಬಂದಿವೆ. 1933ರಲ್ಲಿ ಗ್ರೈಕುನಸ್ ಎಂಬ ಸಲಹೆಗಾರರು ಒಬ್ಬ ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರ ನಡುವೆ ಎಷ್ಟು ಬಗೆಯ ಸಂಬಂಧ ಸಾಧ್ಯ ಅಂತ ಲೆಕ್ಕ ಹಾಕಿದರು. ಐದು ಜನ ಇದ್ದರೆ 100, ಆರಾದರೆ 222, ಎಂಟಾದರೆ 1080. ಆ ಲೆಕ್ಕ ನಂಬಿದರೆ ಎಂಟು ಜನರನ್ನು ನೋಡಿಕೊಳ್ಳುವುದು ಆಗದ ಮಾತು. ಆದರೂ ಒಂದೇ ಬಗೆಯ ಕೆಲಸ ಮಾಡುವ ಹದಿನೈದು ಜನರನ್ನು ಒಬ್ಬರು ಆರಾಮಾಗಿ ನಡೆಸುವ ವಿಭಾಗಗಳು ಎಷ್ಟೋ ಇವೆ. ಆಗಬಹುದಾದ ಸಂಬಂಧಗಳು ಎಷ್ಟು ಅನ್ನುವುದಕ್ಕಿಂತ, ದಿನಕ್ಕೆ ಎಷ್ಟು ಸಲ ಮೇಲಿನವರನ್ನು ಕೇಳಬೇಕಾಗುತ್ತದೆ ಅನ್ನುವುದೇ ಮುಖ್ಯ. ಕೆಲಸ ಒಂದೇ ಥರ ಇದ್ದು, ಎಲ್ಲರೂ ಒಂದೇ ಕಡೆ, ಒಂದೇ ಹೊತ್ತಿಗೆ ಇದ್ದು, ಹಳಬರು ಜಾಸ್ತಿ ಇದ್ದರೆ ಒಬ್ಬರೇ ತುಂಬ ಜನರನ್ನು ನೋಡಿಕೊಳ್ಳಬಹುದು. ಪಾಳಿ ಪಾಳಿಯಲ್ಲಿ, ಐದಾರು ಮಹಡಿಗಳಲ್ಲಿ ಹರಡಿದ್ದು, ಹೊಸಬರು ಬರುತ್ತಾ ಹೋಗುತ್ತಾ ಇದ್ದರೆ ಹತ್ತು ಜನರೇ ಕಷ್ಟ.

ಜನ ಎಣಿಸಿದ್ದಾಯಿತು, ಈಗ ಹಂತಗಳಿಗೆ ಬರೋಣ. ನಿಮ್ಮಲ್ಲಿ ನಿಜವಾದ ತೊಂದರೆ ಇರುವುದು ಇಲ್ಲೇ. ಬಿಲ್ಲಿಂಗ್ ಕೌಂಟರ್‌ನ ಗುಮಾಸ್ತರಿಂದ ಮೇಲಕ್ಕೆ ಹತ್ತಿ ನೋಡಿ: ಗುಮಾಸ್ತ, ಪಾಳಿ ಸೂಪರ್‌ವೈಸರ್, ಅಸಿಸ್ಟೆಂಟ್ ಬಿಲ್ಲಿಂಗ್ ಮ್ಯಾನೇಜರ್, ಬಿಲ್ಲಿಂಗ್ ಮ್ಯಾನೇಜರ್, ಹಣಕಾಸು ಮುಖ್ಯಸ್ಥರು, ಮುಖ್ಯ ಆಡಳಿತಾಧಿಕಾರಿ. ಒಟ್ಟು ಆರು ಹಂತ. ನಿಮ್ಮ ಎಚ್‌ಆರ್ ವಿಭಾಗದಲ್ಲಿ ನಾಲ್ಕೇ. ಅದರಲ್ಲೂ ಬಿಲ್ಲಿಂಗ್ ಮ್ಯಾನೇಜರ್ ಕೈಕೆಳಗೆ ಇರುವುದು ಒಬ್ಬರೇ, ಆ ಅಸಿಸ್ಟೆಂಟ್. ಮೆಡಿಕಲ್ ರೆಕಾರ್ಡ್ಸ್‌ನಲ್ಲೂ ಇದೇ ಕಥೆ. ಮುಖ್ಯಸ್ಥರ ಕೆಳಗೆ ಒಬ್ಬ ಉಪಮುಖ್ಯಸ್ಥರು, ಅವರ ಕೆಳಗೆ ಇಬ್ಬರು ಸೂಪರ್‌ವೈಸರ್‌ಗಳು, ಅವರ ಕೆಳಗೆ ತಲಾ ನಾಲ್ಕು ಜನ. ಎಂಟು ಜನ ಕೆಲಸ ಮಾಡುವವರಿಗೆ ನಾಲ್ಕು ಜನ ಮೇಲಿನವರು.

ಒಬ್ಬರ ಕೆಳಗೆ ಒಬ್ಬರೇ ಇರುವ ಇಂಥ ಜೋಡಿ ಹೇಗೆ ಹುಟ್ಟುತ್ತದೆ? ಸಾಮಾನ್ಯವಾಗಿ ಒಳ್ಳೆಯ ಉದ್ದೇಶದಿಂದಲೇ. ಹಿರಿಯರು ನಿವೃತ್ತಿಯಾಗುವ ಮೊದಲು ಕೆಲಸ ಕಲಿಯಲಿ ಅಂತ ಒಬ್ಬರನ್ನು ಹಾಕುತ್ತಾರೆ. ಹಿರಿಯರು ಹೋದ ಮೇಲೆ ಕಲಿತವರು ಮೇಲಕ್ಕೇರುತ್ತಾರೆ, ಖಾಲಿಯಾದ ಅಸಿಸ್ಟೆಂಟ್ ಹುದ್ದೆಯನ್ನು ಅಭ್ಯಾಸಬಲದಿಂದ ಮತ್ತೆ ತುಂಬುತ್ತಾರೆ. ಕೆಲವೇ ತಿಂಗಳಿಗೆ ಅಂತ ಬಂದ ಹುದ್ದೆ ಕಾಯಂ ಹಂತವಾಗಿಬಿಡುತ್ತದೆ. ನಿಮ್ಮಲ್ಲಿ ಹಳೆಯ ನೇಮಕಾತಿ ಆದೇಶಗಳು ಸಿಕ್ಕರೆ ಒಮ್ಮೆ ತೆಗೆದು ಓದಿ, ಕಾರಣ ಅಲ್ಲೇ ಬರೆದಿರುತ್ತದೆ.

ಆದರೆ ಸಂಖ್ಯೆ ನೋಡಿದೊಡನೆ ಹಂತ ದಂಡ ಅಂತ ತೀರ್ಮಾನಿಸಬೇಡಿ. ಆ ಹಂತ ಏನಾದರೂ ನಿರ್ಧಾರ ಮಾಡುತ್ತಿದೆಯೇ ಅಂತ ಪರೀಕ್ಷಿಸಬೇಕು. ಬಿಲ್ಲಿಂಗ್‌ನಲ್ಲಿ ಇದಕ್ಕೆ ರೀಫಂಡ್ ಫೈಲ್‌ಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಳೆದ ಮೂರು ತಿಂಗಳ ರೀಫಂಡ್‌ಗಳಲ್ಲಿ ಸುಮಾರು ಅರವತ್ತನ್ನು ಆರಿಸಿ. ಚಿಕ್ಕ ಮೊತ್ತ, ದೊಡ್ಡ ಮೊತ್ತ, ರಾತ್ರಿ ಪಾಳಿ, ಹಗಲು ಪಾಳಿ ಎಲ್ಲವೂ ಇರಲಿ. ಪ್ರತಿ ಫೈಲ್‌ಗೂ ಬರೆದುಕೊಳ್ಳಿ: ಯಾವ ಮೇಜಿಗೆ ಯಾವತ್ತು ಬಂತು, ಯಾವತ್ತು ಸಹಿ ಆಯಿತು, ಆ ಸಹಿಯ ಜೊತೆ ಏನಾದರೂ ಬದಲಾಯಿತೇ? ಮೊತ್ತ ತಿದ್ದಿದರೇ? ವಾಪಸ್ ಕಳಿಸಿದರೇ? ಒಂದು ಪ್ರಶ್ನೆಯನ್ನಾದರೂ ಕೇಳಿದರೇ? ಅರವತ್ತರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಹತ್ತಾರನ್ನು ತಿದ್ದಿದ್ದಾರೆ, ಬಿಲ್ಲಿಂಗ್ ಮ್ಯಾನೇಜರ್ ಒಂದನ್ನೂ ಮುಟ್ಟಿಲ್ಲ ಅಂತಾದರೆ ಎರಡನೆಯ ಸಹಿ ರೋಗಿಯ ಕಡೆಯವರನ್ನು ಕಾಯಿಸುವುದಕ್ಕೆ ಮಾತ್ರ ಇದೆ. ಇಬ್ಬರೂ ಅವೇ ತಪ್ಪುಗಳನ್ನು ಹಿಡಿದು ತಿದ್ದುತ್ತಿದ್ದರೆ ಒಂದೇ ಕೆಲಸವನ್ನು ಇಬ್ಬರು ಮಾಡುತ್ತಿದ್ದಾರೆ. ಬಿಲ್ಲಿಂಗ್ ಮ್ಯಾನೇಜರ್ ಇಂಥ ಫೈಲ್‌ಗಳನ್ನು ನೋಡುವುದೇ ಇಲ್ಲ, ಬೇರೇನೋ ಮಾಡುತ್ತಾರೆ ಅಂತಾದರೆ ಆ ಬೇರೇನೋ ಏನು ಅಂತ ಕೂತು ಕೇಳಬೇಕು.

ಹಾಗೆ ಕೇಳುವಾಗ, ಸಂಸ್ಥೆಗಳಲ್ಲಿನ ಹಂತಗಳನ್ನು ಅಧ್ಯಯನ ಮಾಡಿದ ಎಲಿಯಟ್ ಜಾಕ್ಸ್ ಅವರ ಒಂದು ಅಳತೆ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಒಬ್ಬರ ಹುದ್ದೆಯ ಎತ್ತರವನ್ನು ಅವರು ಹೊತ್ತ ಅತಿ ದೀರ್ಘ ಕೆಲಸ ಎಷ್ಟು ಕಾಲದ್ದು ಅನ್ನುವುದರಿಂದ ಅಳೆಯಬೇಕು ಅಂತ ಅವರ ವಾದ. ಮೊದಲ ಹಂತದ ಕೆಲಸ ಮೂರು ತಿಂಗಳೊಳಗೆ ಮುಗಿಯುವಂಥದ್ದು. ಎರಡನೆಯದು ಒಂದು ವರ್ಷದವರೆಗಿನದು, ಮೂರನೆಯದು ಎರಡು ವರ್ಷದವರೆಗಿನದು, ನಾಲ್ಕನೆಯದು ಐದು ವರ್ಷದವರೆಗಿನದು. ಈಗ ಬಿಲ್ಲಿಂಗ್ ಮ್ಯಾನೇಜರ್ ಮತ್ತು ಅಸಿಸ್ಟೆಂಟ್ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: "ನೀವೇ ಜವಾಬ್ದಾರಿ ಹೊತ್ತ ಕೆಲಸಗಳಲ್ಲಿ ಮುಗಿಯಲು ಅತಿ ಜಾಸ್ತಿ ಕಾಲ ಬೇಕಾದ್ದು ಯಾವುದು?" ಅಸಿಸ್ಟೆಂಟ್ "ಮುಂದಿನ ತಿಂಗಳ ಪಾಳಿ ಪಟ್ಟಿ, ವರ್ಷದ ಕೊನೆಯ ಬಾಕಿ ಹೊಂದಾಣಿಕೆ" ಅಂದರು, ಮ್ಯಾನೇಜರ್ "ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಬದಲಾಗುವುದು, ಇನ್ನೂ ಒಂದೂವರೆ ವರ್ಷದ ಕೆಲಸ" ಅಂದರು ಅಂತಿಟ್ಟುಕೊಳ್ಳಿ. ಆಗ ಇಬ್ಬರೂ ಬೇರೆ ಬೇರೆ ಎತ್ತರದಲ್ಲಿದ್ದಾರೆ, ಹಂತಕ್ಕೆ ಅರ್ಥ ಇದೆ. ಇಬ್ಬರೂ ಪಾಳಿ ಪಟ್ಟಿಯನ್ನೇ ಹೇಳಿದರೆ ಒಂದೇ ಎತ್ತರದಲ್ಲಿ ಇಬ್ಬರು ಕೂತಿದ್ದಾರೆ. ಈ ಅಳತೆಯೇ ಕೊನೆಯ ಮಾತಲ್ಲ, ಆದರೆ ರೀಫಂಡ್ ಫೈಲ್‌ಗಳ ಜೊತೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಕ್ಲೇಮ್ ವಿಭಾಗದ ಬಗ್ಗೆ ಮಾತ್ರ ಅವಸರ ಮಾಡಬೇಡಿ. ಅಲ್ಲೂ ಆರು ಹಂತ ಕಾಣುತ್ತದೆ, ಆಫೀಸರ್‌ಗಳ ಕೈಕೆಳಗೆ ಮೂರು ಮೂರೇ ಜನ. ಆದರೆ ಕಷ್ಟದ ಕ್ಲೇಮ್‌ಗಳನ್ನು, ವಿಮಾ ಕಂಪನಿ ತಕರಾರು ಎತ್ತಿದ ಫೈಲ್‌ಗಳನ್ನು ಆ ಆಫೀಸರ್‌ಗಳು ತಾವೇ ಕೂತು ಮಾಡುತ್ತಿರಬಹುದು. ದಿನದ ಮುಕ್ಕಾಲು ಪಾಲು ಸ್ವಂತ ಫೈಲ್‌ಗಳಿಗೇ ಹೋಗುವವರಿಗೆ ಮೂರು ಜನ ಕಡಿಮೆಯೇನಲ್ಲ. ಎರಡು ವಾರ ಅವರ ಸಮಯ ಎಲ್ಲೆಲ್ಲಿ ಹೋಗುತ್ತದೆ ಅಂತ ಅವರೇ ಬರೆದಿಡಲಿ, ಆಮೇಲೆ ಮಾತಾಡಿ.

ಈಗ ಹೌಸ್‌ಕೀಪಿಂಗ್. 24, 24, 23 ಜನಕ್ಕೆ ಒಬ್ಬೊಬ್ಬ ಸೂಪರ್‌ವೈಸರ್. ಸಂಖ್ಯೆ ದೊಡ್ಡದು ಅನ್ನುವುದಕ್ಕಿಂತ ದೊಡ್ಡ ತೊಂದರೆ ಪಾಳಿಯಲ್ಲಿದೆ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ ಆರು ದಿನ ಕೆಲಸ ಮಾಡಿದರೆ ಮೂವರಿಂದ 18 ಪಾಳಿ. ಯಾರೂ ಒಂದು ದಿನವೂ ರಜೆ ಹಾಕದಿದ್ದರೂ ವಾರಕ್ಕೆ ಮೂರು ಪಾಳಿಗಳಲ್ಲಿ ಸೂಪರ್‌ವೈಸರ್ ಇರುವುದೇ ಇಲ್ಲ. ಒಬ್ಬರು ಒಂದು ವಾರ ರಜೆ ಹೋದರೆ ಅದು ಒಂಬತ್ತಾಗುತ್ತದೆ. ಆ ಹೊತ್ತಿನಲ್ಲಿ ಸೋಂಕಿನ ರೋಗಿ ಇದ್ದ ಕೋಣೆಯನ್ನು ಯಾವ ಕ್ರಮದಲ್ಲಿ ತೊಳೆದರು, ಸರಿಯಾದ ದ್ರಾವಣ ಬಳಸಿದರೇ ಅಂತ ನೋಡುವವರು ಯಾರು? ವಾರ್ಡ್‌ನ ನರ್ಸ್‌ಗಳೇ ನೋಡಬೇಕು. ಅಂದರೆ ಆಡಳಿತದಲ್ಲಿ ಉಳಿಸಿದ ಸೂಪರ್‌ವೈಸರ್ ಕೆಲಸ ನರ್ಸಿಂಗ್ ಲೆಕ್ಕಕ್ಕೆ ಹೋಗಿ ಕೂತಿದೆ, ನಿಮ್ಮ ಪಟ್ಟಿಯಲ್ಲಿ ಕಾಣುವುದಿಲ್ಲ. ನರ್ಸ್ ಇನ್‌ಚಾರ್ಜ್‌ಗಳನ್ನು ಕೇಳಿ ನೋಡಿ.

ಮುಂದೇನು ಮಾಡಬಹುದು? ನಾನು ಮೊದಲು ಕೈ ಹಾಕುವುದು ಬಿಲ್ಲಿಂಗ್‌ಗೆ. ರೀಫಂಡ್ ಪರೀಕ್ಷೆ ಮತ್ತು ಕಾಲದ ಪ್ರಶ್ನೆ ಎರಡೂ ಒಂದೇ ಕಡೆ ಬೆಟ್ಟು ಮಾಡಿದರೆ, ಮೂವರು ಪಾಳಿ ಸೂಪರ್‌ವೈಸರ್‌ಗಳನ್ನು ನೇರವಾಗಿ ಬಿಲ್ಲಿಂಗ್ ಮ್ಯಾನೇಜರ್ ಕೆಳಗೆ ತನ್ನಿ. ಅಸಿಸ್ಟೆಂಟ್ ಮ್ಯಾನೇಜರ್‌ಗೆ ಜನರನ್ನು ನೋಡಿಕೊಳ್ಳುವ ಕೆಲಸ ಬೇಡ. ಸಂಬಳ, ಶ್ರೇಣಿ ಹಾಗೇ ಇರಲಿ, ಬಿಲ್ ತಪಾಸಣೆಯ ಜವಾಬ್ದಾರಿ ಕೊಡಿ. ಇದರಲ್ಲಿ ಎರಡು ಅಪಾಯ ಇದೆ. ಮೊದಲನೆಯದು, ಮ್ಯಾನೇಜರ್ ಇಲ್ಲದ ಹೊತ್ತಿನಲ್ಲಿ ಈಗ ಅಸಿಸ್ಟೆಂಟ್ ನಿಭಾಯಿಸುತ್ತಿದ್ದಾರೆ. ಆ ಜವಾಬ್ದಾರಿ ಯಾವ ಸೂಪರ್‌ವೈಸರ್‌ಗೆ, ಎಷ್ಟು ಮೊತ್ತದವರೆಗೆ ಅಂತ ಬರೆದು ಕೊಡದಿದ್ದರೆ ರಾತ್ರಿ ಎಲ್ಲವೂ ಬೆಳಗಿನವರೆಗೆ ನಿಲ್ಲುತ್ತದೆ. ಎರಡನೆಯದು ಇನ್ನೂ ಮುಖ್ಯ. ಹಂತ ಕಡಿಮೆ ಮಾಡುವ ಭರದಲ್ಲಿ ಹಣದ ಮೇಲಿನ ಕಾವಲನ್ನು ತೆಗೆಯಬೇಡಿ. ಹಣ ಕಟ್ಟಿಸಿಕೊಂಡವರೇ ರೀಫಂಡ್‌ಗೆ ಒಪ್ಪಿಗೆ ಕೊಡುವಂತಾಗಬಾರದು, ಎರಡನೆಯ ಕಣ್ಣು ಬೇಕೇ ಬೇಕು. ಆದರೆ ಆ ಎರಡನೆಯ ಕಣ್ಣು ಬಾಸ್ ಆಗಿರಬೇಕಿಲ್ಲ. ಚಿಕ್ಕ ಮೊತ್ತಕ್ಕೆ ಬೇರೆ ಪಾಳಿಯ ಸೂಪರ್‌ವೈಸರ್ ಸಾಕು.

ಹೌಸ್‌ಕೀಪಿಂಗ್‌ಗೆ ಇಬ್ಬರು ಸೂಪರ್‌ವೈಸರ್ ಹೆಚ್ಚು ಬೇಕು. ನಾಲ್ವರಿದ್ದರೆ ವಾರಕ್ಕೆ 24 ಪಾಳಿ, ಒಬ್ಬರು ರಜೆ ಹೋದರೆ ಮತ್ತೆ ಹಳೇ ಪಾಡು. ಐವರಿದ್ದರೆ 30. ಅಲ್ಲಿನ ಅನುಭವಿಗಳಲ್ಲೇ ಇಬ್ಬರನ್ನು ಮೇಲಕ್ಕೆ ತಂದರೆ ಒಬ್ಬೊಬ್ಬರಿಗೆ ಸುಮಾರು 14 ಜನ. ಇದರ ಅಪಾಯ ಅಂದರೆ, ಬಡ್ತಿ ಪಡೆದವರ ಜಾಗಕ್ಕೆ ಜನ ತುಂಬದೆ ಅವರ ಕೈಯಿಂದಲೇ ಮಹಡಿಯ ಕೆಲಸವನ್ನೂ ಮಾಡಿಸುವುದು. ಆಗ ಹೆಸರು ಮಾತ್ರ ಬದಲಾಗುತ್ತದೆ. ಜಾಗ ತುಂಬಿದರೆ ಖರ್ಚು ಹೆಚ್ಚುತ್ತದೆ, ಅದನ್ನು ಮಂಡಳಿಗೆ ಮುಂಚೆಯೇ ಹೇಳಿಬಿಡಿ.

ರೆಕಾರ್ಡ್ಸ್ ವಿಭಾಗದಲ್ಲಿ ನಾಲ್ವರಲ್ಲಿ ಯಾರು ನಿವೃತ್ತಿಗೆ ಹತ್ತಿರ ಇದ್ದಾರೆ ನೋಡಿ, ಆ ಹುದ್ದೆ ಖಾಲಿಯಾದಾಗ ತುಂಬಬೇಡಿ. ನಿಧಾನದ ದಾರಿ, ಆದರೆ ಹನ್ನೆರಡೇ ಜನರ ವಿಭಾಗದಲ್ಲಿ ಕಾಯುವುದರಿಂದ ಹೆಚ್ಚು ನಷ್ಟವಿಲ್ಲ.

ಈಗ ಸರಾಸರಿ ಏನಾಗುತ್ತದೆ ನೋಡಿ, ಮಂಡಳಿಯವರಿಗೆ ಇದನ್ನು ತೋರಿಸಲೇಬೇಕು. ಬಿಲ್ಲಿಂಗ್‌ನಲ್ಲಿ ಒಂದು ಹಂತ ತೆಗೆದರೆ ಮ್ಯಾನೇಜರ್‌ಗಳು 28, ಸರಾಸರಿ 6.2 ಇದ್ದದ್ದು 6.4. ಹೌಸ್‌ಕೀಪಿಂಗ್‌ನ ಇಬ್ಬರಿಗೆ ಬಡ್ತಿ ಕೊಟ್ಟರೆ ಮ್ಯಾನೇಜರ್‌ಗಳು 30, ಸರಾಸರಿ ಸುಮಾರು 6. ಅಂದರೆ ಶುರುವಿನಲ್ಲಿ ಇದ್ದದ್ದಕ್ಕಿಂತಲೂ ಕಡಿಮೆ, ಎಂಟರಿಂದ ಇನ್ನೂ ದೂರ. ಸಂಖ್ಯೆ ನೋಡಿದರೆ ಆಸ್ಪತ್ರೆ ಹಿಂದಕ್ಕೆ ಹೋದಂತೆ ಕಾಣುತ್ತದೆ. ಆದರೆ ರೀಫಂಡ್ ಒಂದು ಮೇಜು ಕಡಿಮೆ ಸುತ್ತುತ್ತದೆ, ಎಲ್ಲ ಪಾಳಿಯಲ್ಲೂ ಸೂಪರ್‌ವೈಸರ್ ಇರುತ್ತಾರೆ. ಈ ಎರಡೂ ಆಗಿವೆಯೇ ಅಂತ ಆರು ತಿಂಗಳ ನಂತರ ನೋಡಬೇಕು. ಮತ್ತೆ ಅರವತ್ತು ರೀಫಂಡ್ ಫೈಲ್ ತೆಗೆದು, ಅರ್ಜಿ ಬಂದ ದಿನದಿಂದ ಹಣ ಕೊಟ್ಟ ದಿನದವರೆಗೆ ಎಷ್ಟು ದಿನ ಅಂತ ಎಣಿಸಿ. ಸೂಪರ್‌ವೈಸರ್ ಇಲ್ಲದ ಪಾಳಿಗಳು ವಾರಕ್ಕೆ ಎಷ್ಟು ಅಂತ ಹಾಜರಿ ಪುಸ್ತಕದಿಂದ ಬರೆದುಕೊಳ್ಳಿ. ಹಂತ ತೆಗೆದ ಮೇಲೂ ರೀಫಂಡ್‌ಗೆ ಅಷ್ಟೇ ದಿನ ಹಿಡಿಯುತ್ತಿದ್ದರೆ, ಅದು ನಿಲ್ಲುತ್ತಿದ್ದದ್ದು ಆ ಮೇಜಿನಲ್ಲಿ ಅಲ್ಲ. ಆಗ ಹಣಕಾಸು ಮುಖ್ಯಸ್ಥರ ಮೇಜಿನ ದಿನಾಂಕಗಳನ್ನು ನೋಡಿ.